ಐದ್ನಿಮಿಷನಿಗೊಂದು ವಿಡಿಯೊ

ಗೆಳೆಯನ ಹುಟ್ಟುಹಬ್ಬಕ್ಕೆ ಗುಟ್ಟಾಗಿ ವಿಡಿಯೊ ಮಾಡೋಣವೆಂದು ಕುಣಿದವರು ಎಲ್ಲರೂ. ಸ್ಕ್ರಿಪ್ಟ್ ಬರೆಯುವ ಕೆಲಸ ಮಾತ್ರ ನನ್ನ ತಲೆಗೆ ಕಟ್ಟಿದರು. ಅವನಿಲ್ಲದ ಹೊಸ ಗ್ರೂಪ್ ಮಾಡಿ, ಒಬ್ಬೊಬ್ಬರೂ ಒಂದೊಂದು ಸಂದೇಶ ಕಳಿಸಿ ಎಂದೆ. ಬಂದದ್ದೆಲ್ಲ ಒಂದೇ ಜೋಕು. ಎಲ್ಲಿಗೆ ಕರೆದರೂ "ಐದ್ ನಿಮಿಷ, ಬಂದೆ" ಎಂದು ಗಂಟೆಗಟ್ಟಲೆ ಕಾಯಿಸುವ ಅವನನ್ನು ನಾವು ಕರೆಯುವುದೇ ಐದ್ನಿಮಿಷ ಎಂದು. ಟೈಲರ್ ಗೆಳತಿ ಅದನ್ನೇ ಬರೆದಿದ್ದಳು, ಅವನ ತಂಗಿಯೂ ಅದನ್ನೇ, ಭಾವನೂ ಅದನ್ನೇ. ಸಿಟ್ಟು ನೆತ್ತಿಗೇರಿತು. ತಂಗಿಯದೊಂದನ್ನು ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿದೆ. ಕೊನೆಗೆ ಹಾಕಲು ಮನಸ್ಸಿನ ಮಾತೊಂದು ಬೇಕಿತ್ತು.

ಗ್ರೂಪಿನಲ್ಲಿ ಹೆಬ್ಬೆರಳಿನ ಚಿತ್ರ ಬಿಟ್ಟು ಬೇರೇನೂ ಹಾಕದ ಎಲೆಕ್ಟ್ರಿಷಿಯನ್ ಗೆಳೆಯ ಧ್ವನಿ ಸಂದೇಶ ಕಳಿಸಿದ: "ಅಮ್ಮ ಬಿದ್ದಾಗ ನಂಗೆ ಕೈಕಾಲೇ ಆಡ್ಲಿಲ್ಲ. ಇವನಿಗೆ ಫೋನ್ ಮಾಡ್ದೆ. ಐದ್ ನಿಮಿಷ, ಬಂದೆ ಅಂದ. ಐದೇ ನಿಮಿಷಕ್ಕೆ ಬಂದ ಕಣೇ. ಕಾಲಲ್ಲಿ ಚಪ್ಪಲಿನೂ ಇರ್ಲಿಲ್ಲ."

ಕತ್ತರಿಸಿದ್ದನ್ನೆಲ್ಲ ಮತ್ತೆ ಸಾಲಾಗಿ ಸೇರಿಸಿದೆ. ಅಷ್ಟು ಸಲ ನಕ್ಕ ಮೇಲೇ ಇದು ನಾಟುವುದು. ಕೊನೆಯ ಧ್ವನಿಗೆ ಕಪ್ಪು ಪರದೆ, ಸಂಗೀತ ಬೇಡ ಎಂದು ಬರೆದೆ.

ಹುಟ್ಟುಹಬ್ಬಕ್ಕೂ ಅವನು ತಡವಾಗಿಯೇ ಬಂದ. ಒಂದೊಂದು ಸಂದೇಶಕ್ಕೂ ಎಲ್ಲರಿಗಿಂತ ಜೋರಾಗಿ ನಕ್ಕ. ಪರದೆ ಕಪ್ಪಾಗಿ ಆ ಧ್ವನಿ ಮುಗಿದಾಗ, ಮುಖ ಆಚೆ ತಿರುಗಿಸಿಕೊಂಡು ಎದ್ದ.

"ಐದ್ ನಿಮಿಷ, ಬಂದೆ" ಎಂದು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಆವತ್ತು ನಾವ್ಯಾರೂ ಗಡಿಯಾರ ನೋಡಲಿಲ್ಲ.