ತೂ ಖಾನಾ ಖಾಯಿ

ಹುಬ್ಬಳ್ಳಿಯ ರೈಲ್ವೆ ಕಚೇರಿಯೊಂದರ ಸಿಬ್ಬಂದಿಗೆ ಫಿರದೋಸ ಹಿಂದಿ ಕಲಿಸುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲಿನ ತಾಸು, ನಿದ್ದೆಗಣ್ಣಿನ ಗುಮಾಸ್ತರು, ಮೇಲೆ ಕಿರುಗುಟ್ಟುವ ಫ್ಯಾನು. ಪರೀಕ್ಷೆ ಹತ್ತಿರ ಬಂದಿತ್ತು. ಎಲ್ಲರಿಗೂ ಕೈ ಕೊಡುತ್ತಿದ್ದದ್ದು ಒಂದೇ: ವರ್ತಮಾನದ ವಾಕ್ಯವನ್ನು ಭೂತಕಾಲಕ್ಕೆ ಬದಲಿಸುವುದು.

"ಲಡಕಾ ಚಿಟ್ಠೀ ಲಿಖತಾ ಹೈ" ಎಂದು ಹಲಗೆಯ ಮೇಲೆ ಬರೆದಳು. ಹುಡುಗ ಪತ್ರ ಬರೆಯುತ್ತಾನೆ. ಅದರ ಕೆಳಗೆ, "ಲಡಕೇ ನೇ ಚಿಟ್ಠೀ ಲಿಖೀ."

ಗುಮಾಸ್ತ ಟೈಟಸ್ ಕೈ ಎತ್ತಿದ. "ಮೇಡಂ, ಬರೆದಂವ ಹುಡುಗ. ಹಂಗಿದ್ರ 'ಲಿಖೀ' ಯಾಕ್ರಿ?"

"ಕರ್ತೃವಿಗೆ 'ನೇ' ಹತ್ತಿದ ಮ್ಯಾಲೆ ಕ್ರಿಯಾಪದ ಅವನ ಕಡೆ ತಿರುಗಿ ನೋಡೂದಿಲ್ಲ. ಕರ್ಮದ ಕಡೆ ನೋಡ್ತೈತಿ. ಚಿಟ್ಠೀ ಸ್ತ್ರೀಲಿಂಗ, ಅದಕ್ಕ ಲಿಖೀ. ಆದ್ರ ಹೋಗು, ಬರು, ಮಲಗು ಅನ್ನೂವಂಥ ಅಕರ್ಮಕಕ್ಕ 'ನೇ' ಬ್ಯಾಡ. ಲಾನಾ ಅಂದ್ರ ತರೂದು, ಭೂಲನಾ ಅಂದ್ರ ಮರೆಯೂದು, ಇವು ಸಕರ್ಮಕ ಇದ್ರೂ ಅವಕ್ಕೂ ಬ್ಯಾಡ."

ಮೂಲೆಯಲ್ಲಿ ಹುಸೇನಬಾಷಾ ಕೂತಿದ್ದ. ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವನು. ಯಂತ್ರಕ್ಕೆ ಸಿಕ್ಕು ಬಲಗೈಯ ಬೆರಳುಗಳು ಮಡಚದಂತಾಗಿ, ಈಗ ಕಚೇರಿಯ ಮೇಜಿಗೆ ಬಂದಿದ್ದ. ಹಿಂದಿ ಅವನಿಗೆ ಸುಲಭವೆಂದು ಎಲ್ಲರೂ ತಿಳಿದಿದ್ದರು. ಆದರೆ ಮನೆಯಲ್ಲಿ ಅವನಾಡುತ್ತಿದ್ದ ದಖನಿ ಉರ್ದುವಿನಲ್ಲಿ 'ನೇ' ಎನ್ನುವುದೇ ಇರಲಿಲ್ಲ. ಅಲ್ಲಿ ಕ್ರಿಯಾಪದ ಯಾವಾಗಲೂ ಮಾಡಿದವರ ಜೊತೆಗೇ ಇರುತ್ತದೆ. ಎಡಗೈಯಿಂದ ಮೆಲ್ಲಗೆ ಬರೆಯುತ್ತಿದ್ದ ಅವನ ವಾಕ್ಯಗಳೆಲ್ಲ ಹಾಗೆಯೇ ಬರುತ್ತಿದ್ದವು: "ಲಡಕಾ ಚಿಟ್ಠೀ ಲಿಖಾ."

ಅಂದು ಉತ್ತರಗಳನ್ನು ತಿದ್ದುತ್ತಿದ್ದ ಫಿರದೋಸಳ ಪೆನ್ನು ಒಂದು ಕಡೆ ನಿಂತಿತು. "ತೂ ಖಾನಾ ಖಾತೀ ಹೈ" ಎಂಬ, ಹೆಣ್ಣಿಗೆ ಆಡುವ ವಾಕ್ಯವನ್ನು ಬದಲಿಸಬೇಕಿತ್ತು; ನೀ ಊಟ ಮಾಡುತ್ತೀ ಎಂದು ಅರ್ಥ. "ತೂನೇ ಖಾನಾ ಖಾಯಾ" ಎಂದಾಗಬೇಕು, ಖಾನಾ ಪುಲ್ಲಿಂಗ. ಹುಸೇನಬಾಷಾ ಬರೆದಿದ್ದ: "ತೂ ಖಾನಾ ಖಾಯಿ."

ಅವಳ ತಾಯಿ ಶಾಹಿದ ದಿನವೂ ಕೇಳುತ್ತಿದ್ದ ಮಾತು ಅದು. ನೀ ಊಟ ಮಾಡಿದೆಯಾ ಎಂದು, ಬೆಂಗೇರಿಯ ಮನೆಯ ಬಾಗಿಲಲ್ಲಿ ನಿಂತು. ತಾಯಿ ಹೋಗಿ ವರ್ಷವಾಗುತ್ತ ಬಂದಿತ್ತು. ಆ ಮನೆಯಲ್ಲಿ ಈಗ ಫಿರದೋಸ ಒಬ್ಬಳೇ.

ಏನಾಯಿತೋ, ಅವಳ ದನಿ ಏರಿತು. "ಎಷ್ಟು ಸಲ ಹೇಳಬೇಕ್ರಿ ನಿಮಗ? ಇದು ಹಿಂದಿ ಅಲ್ಲ. ಇದು ಓಣ್ಯಾಗಿನ ಮಾತು."

ಹುಸೇನಬಾಷಾ ಎದ್ದು ಬಂದು ಕಾಗದ ತೆಗೆದುಕೊಂಡು, ಮಡಚಿ ಕಿಸೆಗೆ ಇಟ್ಟುಕೊಂಡ. ಮರುದಿನ ತರಗತಿಗೆ ಬರಲಿಲ್ಲ, ಅದರ ಮರುದಿನವೂ.

ಕೊನೆಗೆ ಅವಳೇ ಅವನ ವಿಭಾಗಕ್ಕೆ ಹೋದಳು. ಕಡತಗಳ ಕಪಾಟಿನ ಹಿಂದೆ ಅವನ ಮೇಜು. ಸುತ್ತ ಮಾತಾಡಲು ಯಾರೂ ಇರಲಿಲ್ಲ. ಅವಳನ್ನು ಕಂಡು ಎದ್ದು ನಿಂತ.

"ಮೈ ಗಲತಿ ಕರಿ, ಚಾಚಾ" ಎಂದಳು ಫಿರದೋಸ. ತಪ್ಪು ಮಾಡಿದೆ ಎಂದು, ಅವನದೇ ಮಾತಿನಲ್ಲಿ.

ಅವನು ಅವಳ ಮುಖವನ್ನೇ ನೋಡಿದ. "ಮೇಡಂ, ನೀವು ನಮ್ಮ ಮಾತಾಡ್ತೀರಿ?"

"ನಮ್ಮನಿ ಮಾತೂ ಅದ ಚಾಚಾ. ಅಮ್ಮಿ ಹೋದ ಮ್ಯಾಲೆ ಆಡಿರಲಿಲ್ಲ. ಆಕಿ ದಿನಾ ನನ್ನ ಕೇಳೂ ಮಾತು ನಿಮ್ಮ ಕಾಗದದಾಗ ಓದಿದೆ, ತಡಕೊಳ್ಳಾಕ ಆಗಲಿಲ್ಲ."

ಹುಸೇನಬಾಷಾ ಸ್ಟೂಲು ಎಳೆದುಕೊಟ್ಟ. ಕಿಸೆಯಿಂದ ಆ ಕಾಗದ ತೆಗೆದು ಮೇಜಿನ ಮೇಲೆ ಬಿಚ್ಚಿ, ಕೇಳಿದ: "ಊಟ ಮಾಡಿದಾಕಿ ಮಗಳು. ಹಿಂದ್ಯಾಗ ಕ್ರಿಯಾಪದ ಆಕಿನ್ನ ಯಾಕ ಕೇಳೂದಿಲ್ರಿ?"

"ಹಿಂದಿ ಹಂಗ ಐತಿ. ಕರ್ಮಕ್ಕ 'ಕೋ' ಹತ್ತಿದ್ರಂತೂ ಯಾರನ್ನೂ ಕೇಳೂದಿಲ್ಲ. 'ಮಾ ನೇ ಬೇಟೀ ಕೋ ಬುಲಾಯಾ'. ಕರೆದಾಕಿ ತಾಯಿ, ಬಂದಾಕಿ ಮಗಳು, ಕ್ರಿಯಾಪದ ಮಾತ್ರ ಪುಲ್ಲಿಂಗದ ಬುಲಾಯಾ. ನಿಮ್ಮ ಮಾತು ತಪ್ಪಲ್ಲ ಚಾಚಾ. ಅದನ್ನ ಮನ್ಯಾಗ ಇಟ್ಟು ಬರ್ರಿ. ಪರೀಕ್ಷೆಗೆ ಇದನ್ನ ಬರೀರಿ."

ಅಲ್ಲಿಂದ ಮುಂದೆ ತರಗತಿ ಮುಗಿದ ಮೇಲೆ ಅವನನ್ನು ಕೂಡಿಸಿಕೊಂಡು ಅಭ್ಯಾಸ ಮಾಡಿಸಿದಳು. ಅವನು ಮೊದಲು ದಖನಿಯಲ್ಲಿ ಹೇಳಬೇಕು, ಆಮೇಲೆ 'ನೇ' ಸೇರಿಸಿ, ಕರ್ಮದ ಲಿಂಗ ನೋಡಿ ಬದಲಿಸಬೇಕು. ಹೇಳುತ್ತ ಹೇಳುತ್ತ ಅವನು ಹೆಂಡತಿಯ ಅಡುಗೆ, ಕಾರ್ಖಾನೆಯ ಗೆಳೆಯರು ಎಲ್ಲವನ್ನೂ ವಾಕ್ಯ ಮಾಡುತ್ತಿದ್ದ. ಅವಳು ತಿದ್ದುವುದನ್ನು ಮರೆತು ಕೇಳುತ್ತಿದ್ದಳು.

ಅವನು ಪಾಸಾದ. ಪೇಡೆಯ ಡಬ್ಬಿ ತಂದು, ಮೈಸೂರಿಗೆ ವರ್ಗ ಕೇಳಿಕೊಂಡಿದ್ದೇನೆ, ಮಗಳು ಅಲ್ಲಿದ್ದಾಳೆ ಎಂದ. ಫಿರದೋಸ, "ಛಲೋ ಆತ್ರಿ ಚಾಚಾ" ಎಂದಳು. ಖರೇ ಸಂತೋಷವೇ ಆಗಿತ್ತು.

ಜುಲೈಯಲ್ಲಿ ಹೊಸ ತಂಡ ಬಂತು. ಎಲ್ಲರದೂ ಮನೆಮಾತು ಕನ್ನಡ ಇಲ್ಲವೇ ತೆಲುಗು. ಬುದ್ಧಿವಂತರು; 'ನೇ' ಬೇಗ ಹಿಡಿದರು. ತರಗತಿ ಬಿಟ್ಟ ಮೇಲೆ ಯಾರೂ ಉಳಿಯುತ್ತಿರಲಿಲ್ಲ. ಫಿರದೋಸ ಹಲಗೆ ಒರೆಸಿ, ಫ್ಯಾನು ಆರಿಸಿ, ಬೆಂಗೇರಿ ಬಸ್ಸಿಗೆ ನಿಲ್ಲುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತು, ತುಟಿ ಅಲುಗದಂತೆ, ತನ್ನ ದಿನವನ್ನೆಲ್ಲ ದಖನಿಯಲ್ಲಿ ತನಗೇ ಹೇಳಿಕೊಳ್ಳುತ್ತಿದ್ದಳು.