ತಾರಸಿಗೆ ಬಿಟ್ಟ ಮೀಸಲು ಮರಿ

ಬಿಡದಿಯ ನಮ್ಮ ವಸತಿ ಸಂಘದ ಇಪ್ಪತ್ನಾಲ್ಕು ಮನೆಯವರಿಗೆ ಖಜಾಂಚಿ ಲಕ್ಷ್ಮಯ್ಯನ ನಮಸ್ಕಾರ.

ಈ ಸಲ ಇಷ್ಟೊಂದು ದುಡ್ಡು ಯಾಕೆ ಎಂದು ಎಲ್ಲರೂ ಕೇಳುತ್ತಿದ್ದೀರಿ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ತೂಕ ಬರೆದವನು ನಾನು. ಲೆಕ್ಕ ಹೇಳುವುದು ಕಷ್ಟವಲ್ಲ. ಅದರ ಜೊತೆ ನನ್ನ ತಪ್ಪನ್ನೂ ಹೇಳಬೇಕಾಗಿದೆ, ಕಷ್ಟ ಅದು.

ನಮ್ಮಲ್ಲಿ ಎರಡು ನಿಧಿಗಳಿವೆ. ಸಿಂಕಿಂಗ್ ಫಂಡ್ ಕಟ್ಟಡದ ಮುಪ್ಪಿಗೆ. ಕಂಬ, ತೊಲೆಗಳೇ ಕೈಕೊಟ್ಟಾಗ ಅಥವಾ ಕೆಡವಿ ಕಟ್ಟುವಾಗ, ಎಂಜಿನಿಯರ್ ಬರೆದುಕೊಟ್ಟು ಸಭೆ ಒಪ್ಪಿದ ಮೇಲೆ ಮಾತ್ರ ಅದನ್ನು ತೆಗೆಯಬಹುದು. ರಿಪೇರಿ ಫಂಡ್ ಸೋರುವ ತಾರಸಿ, ಒಡೆದ ಪೈಪು, ಬಣ್ಣ, ಇಂಥವಕ್ಕೆ.

ಜಾಗದ ಬೆಲೆ ಬಿಟ್ಟು ಒಂದೊಂದು ಮನೆ ಕಟ್ಟಿದ ಖರ್ಚು 16 ಲಕ್ಷ ರೂಪಾಯಿ. ನಮ್ಮ ಬೈಲಾದಂತೆ ವರ್ಷಕ್ಕೆ ಅದರ ಶೇಕಡ ಕಾಲು ಭಾಗ, ಅಂದರೆ 4,000, ಸಿಂಕಿಂಗ್ ಫಂಡಿಗೆ. ಇಪ್ಪತ್ನಾಲ್ಕು ಮನೆಯಿಂದ ವರ್ಷಕ್ಕೆ 96,000. ಐದು ವರ್ಷಕ್ಕೆ 4,80,000 ಬ್ಯಾಂಕಿನ ಠೇವಣಿಯಲ್ಲಿದೆ, ಬಡ್ಡಿ ಬೇರೆ.

ರಿಪೇರಿ ಫಂಡಿನ ದರ ಶೇಕಡ ಮುಕ್ಕಾಲು, ಮನೆಗೆ ವರ್ಷಕ್ಕೆ 12,000. ಆದರೆ ಅದನ್ನು ಪ್ರತಿವರ್ಷ ಸಭೆ ನಿಗದಿ ಮಾಡಬೇಕು. ಐದು ವರ್ಷದ ಹಿಂದಿನ ಸಭೆಯಲ್ಲಿ ಒಂದನೇ ಮಹಡಿಯ ಕೆಂಪರಾಜು ಎದ್ದು, “ಕಟ್ಟಡ ಇನ್ನೂ ಹೊಸದು. ಏನೂ ಕೆಟ್ಟಿಲ್ಲ, ಯಾತಕ್ಕೆ ದುಡ್ಡು?” ಎಂದರು. ದರ ಸೊನ್ನೆ ಮಾಡೋಣ ಎಂದು ಮೊದಲು ಕೈ ಎತ್ತಿದವನು ನಾನೇ. ಊರಿಗೆಲ್ಲ ಒಳ್ಳೆಯವನಾಗುವ ಚಪಲ. ಐದೂ ವರ್ಷ ಹಾಗೇ ಆಯಿತು. ವರ್ಷಕ್ಕೆ 2,88,000ದಂತೆ 14,40,000 ಇರಬೇಕಿತ್ತು. ಇರುವುದು 60,000.

ಆ ಅರವತ್ತು ಸಾವಿರ ಮೇಲಿನ ಮಹಡಿಯ ದಾಸಮ್ಮನವರದು. ಬೈರಮಂಗಲದ ಕಡೆ ಕುರಿ ಸಾಕಿ ಬದುಕಿ, ಆ ದುಡ್ಡಿನಲ್ಲಿ ಮನೆ ಕೊಂಡವರು. ಯಾರೂ ಕೊಡಬೇಕಿಲ್ಲ ಎಂದರೂ ಪ್ರತಿ ಯುಗಾದಿಗೆ 12,000 ತಂದು ಮೇಜಿನ ಮೇಲೆ ಇಡುತ್ತಿದ್ದರು. “ಮನೆಗೂ ವಯಸ್ಸಾಯ್ತದೆ ಕಣಪ್ಪ, ಮಡಗಿರು,” ಎನ್ನುತ್ತಿದ್ದರು. ನಾನು ನಕ್ಕು ರಸೀದಿ ಹರಿದುಕೊಡುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ತಾರಸಿ ಬಿರುಕು ಬಿಟ್ಟು ಸೋರತೊಡಗಿದ್ದು ಅವರ ಮನೆಗೇ. ಅವರ ಗಂಡ ಕಾಳಯ್ಯನವರಿಗೆ ಉಬ್ಬಸ. ಹಾಸಿಗೆಯನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದಾಡುತ್ತಲೇ ಇದ್ದರು. ದಾಸಮ್ಮ ಮೂರು ಅರ್ಜಿ ಕೊಟ್ಟರು. ಗುತ್ತಿಗೆದಾರ ಕೇಳಿದ್ದು 6,00,000. ಸಿಂಕಿಂಗ್ ಫಂಡಿಗೆ ಕೈ ಹಾಕೋಣವೆಂದರೆ, ಇದು ಬರೀ ರಿಪೇರಿ ಎಂದು ಎಂಜಿನಿಯರ್ ಬರೆದುಕೊಟ್ಟರು. ಉಳಿದ ದಾರಿ ನಿಮ್ಮನ್ನೆಲ್ಲ ಕೇಳುವುದೊಂದೇ. ಐದು ವರ್ಷ ಬೇಡ ಎಂದವನು ಯಾವ ಮುಖ ಹೊತ್ತು ಕೇಳಲಿ ಎಂದು ಆ ಮೂರು ಅರ್ಜಿಗಳನ್ನು ಫೈಲಿನಲ್ಲೇ ಇಟ್ಟುಕೊಂಡೆ. ಸಭೆಯಲ್ಲಿ ಓದಲಿಲ್ಲ.

ಈ ಆಷಾಢದಲ್ಲಿ ಕಾಳಯ್ಯ ತೀರಿಕೊಂಡರು. ತೇವದಿಂದಲೇ ಎಂದು ಡಾಕ್ಟರು ಹೇಳಲಿಲ್ಲ. ನನಗೆ ಯಾರೂ ಹೇಳಬೇಕಾಗಿಯೂ ಇಲ್ಲ. ಶವವನ್ನು ಕೆಳಗೆ ಇಳಿಸಿದ ಮೇಲೆ ಆ ಕೋಣೆಗೆ ಹೋಗಿದ್ದೆ. ಮೂಲೆಯ ಹಾಸಿಗೆಯ ಪಕ್ಕದಲ್ಲಿ ಬಕೆಟ್ಟು ತುಂಬಿತ್ತು.

ದಾಸಮ್ಮ ಮನೆಯನ್ನು ಶೋಯೆಬ್ ಅವರಿಗೆ ಮಾರಿದರು. ಸೋರುವ ಮನೆಗೆ ಬಂದಷ್ಟೇ ಬೆಲೆ. ಮಾಗಡಿಯ ಮಗಳು ಮಾನಸಳ ಮನೆಗೆ ಹೊರಟ ದಿನ ಬೀಗದ ಕೈ ಕೊಡಲು ಬಂದರು. ಸಿಂಕಿಂಗ್ ಫಂಡಿಗೆ ಕಟ್ಟಿದ್ದು ಮನೆಯ ಜೊತೆಗೇ ಹೋಗುತ್ತದೆ, ವಾಪಸು ಬರುವುದಿಲ್ಲ ಎಂದೆ. ತಲೆಯಾಡಿಸಿದರು. ರಿಪೇರಿಯ ಅರವತ್ತು ಸಾವಿರ ಮಾತ್ರ ಸಭೆ ಕೇಳದೆಯೇ ನೀವು ಕೊಟ್ಟ ದುಡ್ಡು, ಅದು ನಿಮಗೇ ಸೇರಬೇಕು ಎಂದು ಚೆಕ್ಕು ಚಾಚಿದೆ.

ಅವರು ಕೈ ಚಾಚಲಿಲ್ಲ. “ದೇವ್ರಿಗೆ ಅಂತ ಕಿವಿ ಕತ್ರಿಸಿ ಬುಟ್ಟ ಮರೀನ ಯಾರಾದ್ರೂ ವಾಪಸ್ ಈಸ್ಕೊತಾರಾ ಲಕ್ಷ್ಮಯ್ಯ? ಅದು ಮೀಸಲು. ತಾರಸಿಗೇ ಹಾಕ್ಬುಡು.”

“ನನ್ನದು ತಪ್ಪಾಯ್ತು ಕಣಕ್ಕ,” ಎಂದೆ.

ಅವರು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, “ರಿಪೇರಿ ಆದ್ಮೇಲೆ ಒಂದ್ ಫೋನ್ ಮಾಡಪ್ಪ. ಬಿಸಿಲಲ್ಲಿ ಬ್ಯಾಡ, ಮಳೆ ಹುಯ್ಯೋವಾಗ ಮಾಡು. ಆ ಮೂಲೇಲಿ ನಿಂತ್ಕೊಂಡು ಮಾಡು,” ಎಂದರು.

ಸದಸ್ಯರೇ, ಆರು ಲಕ್ಷದಲ್ಲಿ ಅವರ ಅರವತ್ತು ಸಾವಿರ ಕಳೆದರೆ 5,40,000. ಮನೆಗೆ 22,500. ಕಳೆದ ಭಾನುವಾರದ ಸಭೆ ಒಪ್ಪಿದಂತೆ ಈ ವರ್ಷದಿಂದ ರಿಪೇರಿಗೆ 12,000, ಎಂದಿನಂತೆ ಸಿಂಕಿಂಗ್ ಫಂಡಿಗೆ 4,000. ಒಟ್ಟು 38,500. ಮುಂದಿನ ವರ್ಷದಿಂದ 16,000 ಮಾತ್ರ. ನನ್ನ ಮನೆಯದನ್ನು ಇವತ್ತೇ ಕಟ್ಟಿದ್ದೇನೆ. ಮೂರೂ ಅರ್ಜಿಗಳ ಪ್ರತಿ ಈ ಪತ್ರದ ಜೊತೆಗಿದೆ, ದಯವಿಟ್ಟು ಓದಿ.

ಹದಿನೈದನೇ ತಾರೀಖಿನೊಳಗೆ ಕೊಟ್ಟರೆ ಹಿಂಗಾರಿಗೆ ಮೊದಲು ಕೆಲಸ ಮುಗಿಯುತ್ತದೆ. ಮೊದಲ ಮಳೆ ಬಿದ್ದಾಗ ಆ ಮೂಲೆಯಲ್ಲಿ ನಿಲ್ಲಲು ಶೋಯೆಬ್ ಅವರ ಅಪ್ಪಣೆ ಕೇಳಿದ್ದೇನೆ. ನಾನು ಮಾಗಡಿಗೆ ಒಂದು ಫೋನ್ ಮಾಡಬೇಕು.