ಒಳಪೆಟ್ಟಿಗೆಯಿಂದ ಬಾರದ ಉತ್ತರ

ಬುಧವಾರ ಬೆಳಿಗ್ಗೆ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಅವಳು ಡೈರಿಯಲ್ಲಿ ಬರೆದುಕೊಂಡಳು: "ಆರು ತಿಂಗಳಿಂದ ಆಫೀಸಿನಲ್ಲಿ ನಾನು ಆಡಿದ ಮಾತನ್ನೆಲ್ಲ ಒಟ್ಟು ಸೇರಿಸಿದರೆ ಈ ಪುಟ ತುಂಬಲಿಕ್ಕಿಲ್ಲ. ಶುಕ್ರವಾರ ನನ್ನ ಕೆಲಸ ಕಾಯಂ ಮಾಡಬೇಕೋ ಬೇಡವೋ ಅಂತ ಮೇಷ್ಟ್ರು ಬರೆದು ಕೊಡುತ್ತಾರೆ. ಪಾಪ, ಏನಂತ ಬರೆದಾರು?"

ಮೇಷ್ಟ್ರು ನಿಜವಾದ ಮೇಷ್ಟ್ರೇನಲ್ಲ. ಇಪ್ಪತ್ತೈದು ವರ್ಷ ಪ್ರೋಗ್ರಾಂ ಬರೆದು ತಲೆಯ ಮುಂಭಾಗ ಬಯಲು ಮಾಡಿಕೊಂಡವರು. ಹೊಸಬರಿಗೆ ಪಾಠ ಹೇಳುವ ಹೊಣೆ ಅವರದಾದ್ದರಿಂದ ಆ ಹೆಸರು ಅಂಟಿತ್ತು. ಮೂರನೇ ಮಹಡಿಯ ಒಂದೇ ಹಜಾರ, ಏಳು ಮೇಜು, ಒಂದು ಕೆಮ್ಮುವ ಪ್ರಿಂಟರ್. ಯಂತ್ರಗಳ ಬಿಡಿಭಾಗ ತುಂಬಿಡುವ ಒಂದು ಗೋದಾಮಿಗೆ ಅವರು ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಯಾವ ಸಾಮಾನು ಯಾವ ಪೆಟ್ಟಿಗೆಯಲ್ಲಿದೆ ಎಂದು ಹುಡುಕಿ ಹೇಳುವುದೇ ಅದರ ಮುಖ್ಯ ಕೆಲಸ. ಆ ಹುಡುಕಾಟಕ್ಕೆಂದೇ ಬರೆದಿದ್ದ ಪ್ರೋಗ್ರಾಮಿನ ತುಣುಕಿಗೆ ಅವರ ಭಾಷೆಯಲ್ಲಿ ಫಂಕ್ಷನ್ ಎಂದು ಹೆಸರು. ಅದನ್ನು ನೋಡಲು ಗೋದಾಮಿನ ಮ್ಯಾನೇಜರು ಅವತ್ತೇ ಸಂಜೆ ನಾಲ್ಕಕ್ಕೆ ಬರುವವರಿದ್ದರು.

ಮೇಷ್ಟ್ರದೊಂದು ಕಟ್ಟಪ್ಪಣೆ. ಪಕ್ಕದ ಕುರ್ಚಿಯಲ್ಲೇ ಕೂತಿದ್ದರೂ ಅನುಮಾನವನ್ನು ಇಮೇಲಿನಲ್ಲೇ ಕೇಳಬೇಕು. ಏನು ಬರಬೇಕಿತ್ತು, ಏನು ಬಂತು, ನಡುವೆ ಏನು ಬದಲಾಯಿತು, ಈ ಮೂರು ಇರಲೇಬೇಕು. "ಬರೀತಾ ಬರೀತಾ ಅರ್ಧ ಪ್ರಶ್ನೆ ಅಲ್ಲೇ ಸತ್ತುಹೋಗುತ್ತೆ. ಉಳಿದರ್ಧಕ್ಕೆ ನಾನಿದ್ದೀನಿ" ಎನ್ನುವರು. ಉಳಿದವರಿಗೆ ಇದು ಶಿಕ್ಷೆ. ಅವಳಿಗೋ, ಬಾಯಿ ತೆರೆಯದೆ ಬದುಕಲು ಸಿಕ್ಕ ಪರವಾನಗಿ.

ಹತ್ತೂವರೆಗೆ ಅವಳು ಬರೆದಳು:

"ಮಾನ್ಯರೇ, ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುತ್ತಿರುವುದಕ್ಕೆ ಕ್ಷಮೆ ಇರಲಿ. ಪ್ರಶ್ನೆ ತೀರಾ ಸಣ್ಣದಿದ್ದರೆ ಅದಕ್ಕೂ ಕ್ಷಮೆ ಇರಲಿ. ಹುಡುಕುವ ಫಂಕ್ಷನ್‌ಗೆ ಒಂದು ಪೆಟ್ಟಿಗೆ, ಒಂದು ಸಾಮಾನಿನ ಹೆಸರು ಕೊಟ್ಟರೆ, ಸಾಮಾನಿರುವ ಪೆಟ್ಟಿಗೆಯ ನಂಬರು ಬರಬೇಕು. ಕೊಟ್ಟ ಪೆಟ್ಟಿಗೆಯಲ್ಲೇ ನೇರವಾಗಿ ಇದ್ದರೆ ಬರುತ್ತದೆ. ಅದರೊಳಗಿನ ಇನ್ನೊಂದು ಪೆಟ್ಟಿಗೆಯಲ್ಲಿದ್ದರೆ ‘ಏನೂ ಇಲ್ಲ’ ಎನ್ನುವ None ಬರುತ್ತದೆ. ಫಂಕ್ಷನ್ ಒಳಗೆ ಪ್ರಿಂಟ್ ಹಾಕಿ ನೋಡಿದೆ. ನಂಬರು ಸಿಕ್ಕಿದ್ದು ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೂ ಕೊನೆಗೆ ಕೈಗೆ ಬರುವುದು None."

ಮೂರನೆಯ ಪ್ರಶ್ನೆಯ ಹತ್ತಿರ ಬೆರಳು ನಿಂತಿತು. ಏನು ಬದಲಾಯಿತು? ಹೋದ ವಾರ ಬೇರೇನೋ ಕೆಲಸದ ನಡುವೆ ಅವಳು ಆ ಫಂಕ್ಷನ್ನನ್ನು ಒಂಚೂರು ಒಪ್ಪ ಮಾಡಿದ್ದು ಹೌದು. ಅದರ ಅರ್ಧ ನೆನಪು ಎದೆಯ ಮೂಲೆಯಲ್ಲಿ ಕೆಮ್ಮಿತು. "ನನ್ನ ಗಮನಕ್ಕೆ ಬಂದಂತೆ ಏನೂ ಇಲ್ಲ" ಎಂದು ಬರೆದು, ಮನಸ್ಸು ಬದಲಾಗುವ ಮೊದಲೇ ಕಳಿಸಿಬಿಟ್ಟಳು.

ಎರಡು ಕುರ್ಚಿ ಆಚೆ ಮೇಷ್ಟ್ರ ಕಂಪ್ಯೂಟರು ಟಿಣ್ ಎಂದಿತು. ಅವರು ಕನ್ನಡಕ ಏರಿಸಿ ಓದಿದರು, ಒಬ್ಬರೇ ನಕ್ಕರು, ಎರಡೇ ಬೆರಳಿನಲ್ಲಿ ಟಕಟಕ ಕುಟ್ಟಿದರು.

"ಮಗಳೇ, ಮೊದಲೆರಡು ಸಾಲು ಓದಿ ನನಗೆ ರಿಟೈರ್ ಆಗಿ ಬೀಳ್ಕೊಡುಗೆ ಆಗ್ತಿದೆ ಅಂದುಕೊಂಡೆ. ಈಗ ವಿಷಯ. ಕೆಳಗಿನ ಅಂಗಡೀಲಿ ಸಕ್ಕರೆ ಇದೆಯಾ ಕೇಳ್ಕೊಂಡು ಬಾ ಅಂತ ನಿನ್ನ ಕಳಿಸಿದೆ ಅನ್ಕೋ. ನೀನು ಹೋದೆ, ಕೇಳಿದೆ, ಅವರು ಇದೆ ಅಂದರು. ನೀನು ಬಂದು ನಿನ್ನ ಪಾಡಿಗೆ ಕೂತೆ. ಉತ್ತರ ನಿನಗೆ ಸಿಕ್ಕಿದೆ, ನನಗೆ? ಈ ಫಂಕ್ಷನ್ ಒಳಪೆಟ್ಟಿಗೆ ನೋಡೋಕೆ ತನ್ನನ್ನೇ ಮತ್ತೆ ಕರೆಯುತ್ತೆ. ಒಳಗಿನ ಕರೆ ಉತ್ತರ ಕೊಡೋದು ತನ್ನನ್ನು ಕರೆದವರಿಗೆ ಮಾತ್ರ. ಅವರು ಅದನ್ನ ಹಿಡಿದು ಮತ್ತೆ ರಿಟರ್ನ್ ಮಾಡಬೇಕು, ಅಂದ್ರೆ ತಮ್ಮನ್ನು ಕರೆದವರಿಗೆ ದಾಟಿಸಬೇಕು. ಮಾಡದೆ ಫಂಕ್ಷನ್ ಮುಗಿದರೆ ಪೈಥಾನ್ ಭಾಷೆ None ಕೊಟ್ಟು ಕೈ ತೊಳ್ಕೊಳುತ್ತೆ. ತನ್ನನ್ನೇ ಕರೆಯೋ ಸಾಲು ನೋಡು. ಆ ಫಂಕ್ಷನ್ ಬರೆದ ಮಹಾನುಭಾವ ನಾನೇ. ವಯಸ್ಸಾಯ್ತು, ಮರೆತಿದ್ದೀನೇನೋ."

ಅವಳು ಆ ಸಾಲನ್ನು ಹುಡುಕಿ ನೋಡಿದಳು. ಫಂಕ್ಷನ್ ತನ್ನನ್ನೇ ಕರೆಯುತ್ತಿತ್ತು, ಬಂದ ಉತ್ತರವನ್ನು ಯಾರೂ ಹಿಡಿಯುತ್ತಿರಲಿಲ್ಲ. ಹಳೆಯ ಪ್ರತಿ ತೆರೆದು ನೋಡಿದರೆ ಮೇಷ್ಟ್ರು ಎಲ್ಲ ಸರಿಯಾಗಿಯೇ ಬರೆದಿದ್ದರು: ಒಳಗಿನ ಉತ್ತರವನ್ನು ಹಿಡಿದುಕೊ, ಅದು None ಅಲ್ಲದಿದ್ದರೆ ರಿಟರ್ನ್ ಮಾಡು. ಮೇಲೆ ಒಂದು ರಿಟರ್ನ್ ಇದೆಯಲ್ಲ, ಸಾಮಾನು ಸಿಕ್ಕ ಕೂಡಲೇ ಅದೇ ಸೀದಾ ಹೊರಗೆ ತಂದುಬಿಡುತ್ತದೆ, ಇದು ಮತ್ತೇಕೆ ದಂಡಕ್ಕೆ ಎಂದು ಅಳಿಸಿದ್ದು ಇವಳ ಜಾಣತನ. "ಸಣ್ಣಪುಟ್ಟ ಒಪ್ಪ ಓರಣ" ಎಂಬ ತಲೆಬರಹದಡಿ, ಇನ್ನೂರು ಸಾಲುಗಳ ನಡುವೆ ಆ ಬದಲಾವಣೆ ಸೇರಿಹೋಗಿತ್ತು. ಮೇಷ್ಟ್ರೂ ಮೇಲೆ ಮೇಲೆ ನೋಡಿ ಒಪ್ಪಿಗೆ ಹಾಕಿದ್ದರು.

ಅಳಿಸಿದ್ದನ್ನು ಮತ್ತೆ ಸೇರಿಸಿ ಓಡಿಸಿದಳು. ಮೂರು ಪೆಟ್ಟಿಗೆ ಒಳಗಿದ್ದ ಬೋಲ್ಟು ಕೂಡ ನಂಬರು ಸಮೇತ ಹೊರಬಂತು.

ಇನ್ನು ಸುಮ್ಮನಿದ್ದರಾಯಿತು. "ಸರಿಹೋಯಿತು, ಧನ್ಯವಾದ" ಎಂದು ಎರಡು ಪದ ಬರೆದರೆ ಕಥೆ ಮುಗಿಯಿತು. ಇನ್ನೂರು ಸಾಲು ಕೆದಕಿ ನೋಡುವ ಪುರುಸೊತ್ತು ಯಾರಿಗಿದೆ? ಮೇಷ್ಟ್ರೇ ತಪ್ಪನ್ನು ತಮ್ಮ ಮರೆವಿನ ಮೇಲೆ ಹಾಕಿಕೊಂಡಿದ್ದಾರೆ. ಶುಕ್ರವಾರಕ್ಕೆ ಇನ್ನು ಎರಡೇ ದಿನ. ಹೀಗೆ ಅವಳು ತನಗೆ ತಾನೇ ವಕೀಲಿ ಮಾಡಿಕೊಳ್ಳುತ್ತಿರುವಾಗ ಎದುರಿನ ಮೇಜಿನಿಂದ ದೊಡ್ಡ ನಿಟ್ಟುಸಿರು ಕೇಳಿಸಿತು.

ಅಲ್ಲಿ ಟೆಸ್ಟರ್ ಅಕ್ಕ ಕೂತಿದ್ದಳು. ಪರೀಕ್ಷೆಗೆಂದು ನಾನೂರು ಪೆಟ್ಟಿಗೆಗಳ ವಿವರವನ್ನು ಕೈಯಾರೆ ತುಂಬಿಸಿದವಳು. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೀಬೋರ್ಡನ್ನು ಬಡಿಯುತ್ತಿದ್ದಳು.

"ಏನಕ್ಕಾ, ಅದರ ಮೇಲೆ ಏನು ಸಿಟ್ಟು?" ಎಂದರು ಮೇಷ್ಟ್ರು.

"ಸಿಟ್ಟು ನನ್ನ ಮೇಲೇನೇ ಮೇಷ್ಟ್ರೇ. ಬೆಳಿಗ್ಗೆ ಒಳಪೆಟ್ಟಿಗೆ ಸಾಮಾನು ಒಂದೂ ಸಿಗಲಿಲ್ಲ. ಯಾವ ಪೆಟ್ಟಿಗೆ ಯಾವುದರೊಳಗೆ ಅನ್ನೋದನ್ನೇ ನಾನು ತಪ್ಪು ತುಂಬಿದ್ದೀನಿ ಅನ್ಸುತ್ತೆ. ಎಲ್ಲಾ ಅಳಿಸಿ ಮತ್ತೆ ಹಾಕ್ತಿದ್ದೀನಿ. ನೂರಾ ಹತ್ತು ಆಯ್ತು."

"ಇನ್ನೂ ಇನ್ನೂರ ತೊಂಬತ್ತಾ? ನಾಲ್ಕು ಗಂಟೆಗೆ ಮುಗಿಯುತ್ತಾ?" ಆಗಲೇ ಬೇರೊಂದು ಮೇಲಿನಲ್ಲಿ ಮುಳುಗಿದ್ದ ಮೇಷ್ಟ್ರ ಕಿವಿಗೆ ಬಿದ್ದದ್ದು ಕೊನೆಯ ಅಂಕಿ ಮಾತ್ರ.

"ಊಟ ಬಿಟ್ರೆ ಮುಗಿಯುತ್ತೆ. ಇಲ್ಲಾಂದ್ರೆ ಮ್ಯಾನೇಜರ್ ಹತ್ರ ನಾನೇ ಹೇಳ್ತೀನಿ ಬಿಡಿ, ತಪ್ಪು ನಂದು ಅಂತ." ಅಕ್ಕ ಇತ್ತ ತಿರುಗಿ ಕಣ್ಣು ಮಿಟುಕಿಸಿದಳು. "ನೋಡು ಮರಿ, ನಿನ್ನ ಹಾಗೆ ಗಪ್‌ಚುಪ್ ಇದ್ದುಬಿಡಬೇಕು. ಯಾರೂ ಬೈಯ್ಯಲ್ಲ. ಇಲ್ಲೊಂದು ಹುಡುಗಿ ಇದೆ ಅಂತ ಪ್ರಿಂಟರಿಗೂ ಗೊತ್ತಿಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು, ಕಿವಿ ಮಾತ್ರ ಕಾದ ಕಾವಲಿಯಾಯಿತು.

ಇಮೇಲ್ ತೆರೆದಳು. "ಮಾನ್ಯರೇ" ಎಂದು ಬರೆದಳು. ಅಳಿಸಿದಳು. ಬರೆದು ಕಳಿಸಿದರೆ ಮೇಷ್ಟ್ರು ಅದನ್ನು ಓದುವಷ್ಟರಲ್ಲಿ ಅಕ್ಕ ಇನ್ನೂ ಹತ್ತು ಪೆಟ್ಟಿಗೆ ಅಳಿಸಿರುತ್ತಾಳೆ. ಎದುರಿಗೆ ಅಕ್ಕನ ಬೆರಳು ನೂರಾ ಹನ್ನೊಂದನೆಯದರ ಮೇಲೆ ಬರುತ್ತಿತ್ತು.

ಅವಳು ಎದ್ದು ನಿಂತಳು. ಕುರ್ಚಿ ಕಿರ್ರೆಂದಿತು. ಉಳಿದ ಆರೂ ಮೇಜಿನ ತಲೆಗಳು ಏನೋ ಬಿದ್ದಿತೇನೋ ಎಂಬಂತೆ ತಿರುಗಿದವು.

"ಏನ್ ತಾಯಿ, ಮೇಲ್ ಹೋಗ್ತಿಲ್ವಾ?" ಎಂದರು ಮೇಷ್ಟ್ರು.

"ಅಕ್ಕಾ, ಅಳಿಸ್ಬೇಡಿ," ಎಂದಳು ಅವಳು. ದನಿ ಅವಳಿಗೇ ಅಪರಿಚಿತವಾಗಿತ್ತು, ಹಜಾರಕ್ಕೆಲ್ಲ ಕೇಳುವಷ್ಟು ದೊಡ್ಡದಾಗಿತ್ತು. "ನೀವು ತುಂಬಿದ್ದು ಸರಿಯಾಗೇ ಇದೆ. ಮೇಷ್ಟ್ರೂ ಏನೂ ಮರೆತಿಲ್ಲ. ಅವರ ರಿಟರ್ನ್ ತೆಗೆದುಹಾಕಿದ್ದು ನಾನು."